ಭಾಷಣ ಓದಿದಂತಿರದೆ ಮಾತಾಡಿದಂತಿರಲು

ಪ್ರಶ್ನೆ: ಅತಿಥಿಯ ಇಂಗ್ಲಿಷ್ ಭಾಷಣವನ್ನು ಕನ್ನಡಕ್ಕೆ ತಂದರೆ ವಾಕ್ಯ ತಪ್ಪಿಲ್ಲದಿದ್ದರೂ ಕೇಳಲು ಯಾಕೆ ಭಾರ?

ಉತ್ತರ: ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದು, ವಿವರಗಳು ಹಿಂದಿನಿಂದ ಬರುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಓದುವವರು ಹಿಂತಿರುಗಿ ನೋಡಬಹುದು, ಕೇಳುವವರಿಗೆ ಆ ಸೌಕರ್ಯವಿಲ್ಲ. ನೇರ ಅನುವಾದ ಹೀಗಾಗುತ್ತದೆ: "30 ವರ್ಷಗಳ ಹಿಂದೆ ಎರಡು ಕೋಣೆಗಳಲ್ಲಿ ಆರಂಭಗೊಂಡು ಇಂದು 500 ಮಕ್ಕಳಿಗೆ ವಿದ್ಯೆ ನೀಡುತ್ತಿರುವ ಈ ಶಾಲೆಯ ವಾರ್ಷಿಕೋತ್ಸವಕ್ಕೆ ಆಹ್ವಾನಿಸಲ್ಪಟ್ಟಿರುವುದು ನನಗೆ ಸಂತೋಷ ತಂದಿದೆ." ಸಂತೋಷ ಬರುವಷ್ಟರಲ್ಲಿ ಸಭಿಕರು ಊಟದ ಯೋಚನೆಯಲ್ಲಿರುತ್ತಾರೆ!

ಒಡೆದು ಹೇಳಿ: "ಈ ಶಾಲೆ ಶುರುವಾಗಿ 30 ವರ್ಷ ಆಯ್ತು. ಆಗ ಇದ್ದದ್ದು ಎರಡೇ ಕೋಣೆ. ಈಗ ನೋಡಿ, 500 ಮಕ್ಕಳು ಓದ್ತಿದ್ದಾರೆ. ಇವತ್ತು ನನ್ನನ್ನೂ ಕರೆದಿದ್ದೀರಿ, ತುಂಬಾ ಖುಷಿ." ಘಟನೆ ನಡೆದ ಕ್ರಮದಲ್ಲೇ ಮಾತು ಬಂತು, "ಸಲ್ಪಟ್ಟ" ಹೋಯಿತು.

ಅಂಕಿ, ಹೆಸರು, ಕೊಟ್ಟ ಭರವಸೆ ಮಾತ್ರ ಮೂಲದಲ್ಲಿದ್ದಂತೆಯೇ ಇರಲಿ. "ಪ್ರಯತ್ನಿಸುತ್ತೇವೆ" ಎಂಬುದು "ಮಾಡೇ ಮಾಡ್ತೀವಿ" ಆಗಬಾರದು. ಆಮೇಲೆ ಗಟ್ಟಿಯಾಗಿ ಓದಿ. ಕ್ರಿಯಾಪದ ಸಿಗುವ ಮೊದಲೇ ಉಸಿರು ಮುಗಿದರೆ ಅಲ್ಲಿ ಮತ್ತೆ ಕತ್ತರಿಸಿ. ಆಡುಮಾತು ಬೇಕೆಂದರೂ, ಧಾರವಾಡದ ಸಭೆ ಅಂತ ಮೈಸೂರಿನವರು "ಐತ್ರಿ" ಎನ್ನಲು ಹೋಗದಿರುವುದೇ ಲೇಸು. ಅದು ಅಣಕದಂತೆ ಕೇಳಿಸುತ್ತದೆ.