ಹತ್ತರಲ್ಲಿ ಒಬ್ಬರಿಗೆ ಹಳದಿ ಬಣ್ಣ

ಒಂದು ಹಳ್ಳಿಯ ಹಾಲಿನ ಡೇರಿ ಎಂದಿಟ್ಟುಕೊಳ್ಳಿ. ಹಾಲು ಹಾಕುವ ಮನೆಗಳು ಇಪ್ಪತ್ತು. ತಿಂಗಳು ಮುಗಿದ ಮೇಲೆ ಕಾರ್ಯದರ್ಶಿ ಎಕ್ಸೆಲ್ ಶೀಟು ತೆರೆದು, A ಕಾಲಂನಲ್ಲಿ ಸದಸ್ಯರ ಹೆಸರು, B ಕಾಲಂನಲ್ಲಿ ಯಾರು ಎಷ್ಟು ಲೀಟರ್ ಹಾಕಿದರು ಎಂಬ ಲೆಕ್ಕ ತುಂಬಿದ್ದಾರೆ. ಮೊದಲ ಸಾಲು ತಲೆಬರಹಕ್ಕೆ ಹೋಯಿತು, ಲೆಕ್ಕ B2ರಿಂದ B21ರವರೆಗೆ ಇದೆ. ಹೆಚ್ಚು ಹಾಲು ಹಾಕಿದ ಶೇ 10ರಷ್ಟು ಮಂದಿಗೆ ಒಂದೊಂದು ಸ್ಟೀಲ್ ಕ್ಯಾನ್ ಕೊಡಬೇಕೆಂದು ಸಂಘದ ತೀರ್ಮಾನ. ಆ ಹೆಸರುಗಳ ಮುಂದಿನ ಅಂಕಿ ಹಳದಿಯಾಗಿ ಎದ್ದು ಕಾಣಬೇಕು.

ಕಣ್ಣಳತೆಯಲ್ಲೇ ಹುಡುಕಬಹುದು, ಇಪ್ಪತ್ತೇ ತಾನೆ. ಆದರೆ ಹಾಲಿನ ಲೆಕ್ಕ ತಿದ್ದುಪಡಿಯಾಗುತ್ತಲೇ ಇರುತ್ತದೆ. ಯಾರದೋ ಒಂದು ಹೊತ್ತಿನ ಹಾಲು ಬರೆಯುವುದು ಬಿಟ್ಟುಹೋಗಿತ್ತು ಎಂದು ಒಂದು ಅಂಕಿ ಬದಲಾದರೆ, ಕೈಯಿಂದ ಹಚ್ಚಿದ ಬಣ್ಣ ಮಾತ್ರ ಹಳೆಯ ಜಾಗದಲ್ಲೇ ಕೂತಿರುತ್ತದೆ. ಅಂಕಿಯ ಜೊತೆಗೇ ಬಣ್ಣವೂ ಬದಲಾಗಬೇಕಾದರೆ ಶೀಟಿಗೊಂದು ನಿಯಮ ಹೇಳಿಕೊಡಬೇಕು. B2ರಿಂದ B21ರವರೆಗೆ ಆಯ್ಕೆ ಮಾಡಿ, `Home` ಮೆನುವಿನ `Conditional Formatting` ಒಳಗೆ `New Rule` ತೆರೆದು, `Use a formula to determine which cells to format` ಎಂಬುದನ್ನು ಒತ್ತಿ, ಅಲ್ಲಿ ಹೀಗೆ ಬರೆಯಬೇಕು:

```
=B2>=PERCENTILE.INC($B$2:$B$21,0.9)
```

ಆಮೇಲೆ `Format` ಒತ್ತಿ ಹಳದಿ ಆರಿಸಿದರೆ ಮುಗಿಯಿತು. ಗೂಗಲ್ ಶೀಟ್ಸ್‌ನಲ್ಲಾದರೆ `Format` ಮೆನುವಿನ `Conditional formatting` ಒಳಗೆ `Custom formula is` ಆರಿಸಿ ಇದೇ ಸಾಲನ್ನು ಹಾಕಬಹುದು.

ಇಲ್ಲಿ 0.9 ಎಂದರೇನು ಎಂಬಲ್ಲೇ ಅನೇಕರು ಎಡವುತ್ತಾರೆ. ಅದು ಅತಿ ದೊಡ್ಡ ಅಂಕಿಯ ಶೇ 90 ಅಲ್ಲ. ಜೆಇಇ ಫಲಿತಾಂಶದಲ್ಲಿ ಪರ್ಸೆಂಟೈಲ್ ನೋಡಿದ ಮನೆಗಳಿಗೆ ಈ ವ್ಯತ್ಯಾಸ ಗೊತ್ತು: ಅಂಕಗಳು ಎಷ್ಟು ಬಂದವು ಎಂಬುದು ಬೇರೆ, ಎಷ್ಟು ಜನ ನಮಗಿಂತ ಕೆಳಗಿದ್ದಾರೆ ಎಂಬುದು ಬೇರೆ. ಪರ್ಸೆಂಟೈಲ್ ಕೇಳುವುದು ಎರಡನೆಯದನ್ನು. ಎಲ್ಲರನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, ಆ ಸಾಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ದೂರ ನಡೆದರೆ ಸಿಗುವ ಜಾಗ ಅದು.

ಆ ನಡಿಗೆಯನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಇಪ್ಪತ್ತು ಜನರ ಸಾಲಿನಲ್ಲಿ ಮೊದಲಿನವರಿಂದ ಕೊನೆಯವರವರೆಗೆ ಹತ್ತೊಂಬತ್ತು ಹೆಜ್ಜೆ. ಅದರ 0.9 ಪಾಲು 17.1 ಹೆಜ್ಜೆ. ಮೊದಲನೆಯವರಿಂದ ಹೊರಟು ಅಷ್ಟು ನಡೆದರೆ ಹದಿನೆಂಟನೆಯವರನ್ನು ದಾಟಿ ಹತ್ತೊಂಬತ್ತನೆಯವರ ಕಡೆಗೆ ಹತ್ತರಲ್ಲಿ ಒಂದು ಪಾಲು ಹೋಗಿರುತ್ತೇವೆ. ಹದಿನೆಂಟನೆಯವರು 344 ಲೀಟರ್, ಹತ್ತೊಂಬತ್ತನೆಯವರು 386, ಇಪ್ಪತ್ತನೆಯವರು 412 ಹಾಕಿದ್ದಾರೆ ಎನ್ನೋಣ. ನಡುವಿನ ಅಂತರ 42, ಅದರ ಹತ್ತನೇ ಒಂದು ಪಾಲು 4.2. ಗೆರೆ ಬಿದ್ದದ್ದು 348.2 ಲೀಟರಿಗೆ. ಅಷ್ಟು ಹಾಲನ್ನು ಊರಿನಲ್ಲಿ ಯಾರೂ ಹಾಕಿಲ್ಲ, ಆದರೂ ಗೆರೆ ಅಲ್ಲಿದೆ. ಅದರ ಮೇಲಿರುವವರು ಇಬ್ಬರು, ಇಪ್ಪತ್ತಕ್ಕೆ ಸರಿಯಾಗಿ ಶೇ 10.

ಇದೊಂದೇ ಸರಿಯಾದ ಲೆಕ್ಕವೆಂದೇನೂ ಅಲ್ಲ. ಇಂಥ ಗೆರೆ ಎಳೆಯುವ ಒಂಬತ್ತು ಬಗೆಗಳನ್ನು ಹೈಂಡ್‌ಮನ್ ಮತ್ತು ಫ್ಯಾನ್ ಎಂಬ ಸಂಖ್ಯಾಶಾಸ್ತ್ರಜ್ಞರು 1996ರ ಲೇಖನವೊಂದರಲ್ಲಿ ಪಟ್ಟಿ ಮಾಡಿದ್ದಾರೆ, `PERCENTILE.INC` ಅವುಗಳಲ್ಲಿ ಏಳನೆಯದು. ಎಕ್ಸೆಲ್‌ನಲ್ಲೇ `Top 10%` ಎಂಬ ಸಿದ್ಧ ನಿಯಮವೂ ಉಂಟು. ಅದು ಗೆರೆ ಎಳೆಯುವುದಿಲ್ಲ, ತಲೆ ಎಣಿಸುತ್ತದೆ. ಸದಸ್ಯರು ಇಪ್ಪತ್ತೈದು ಆದರೆ ಹತ್ತನೇ ಒಂದು ಪಾಲು ಎರಡೂವರೆ. ಸಿದ್ಧ ನಿಯಮ ಅರ್ಧವನ್ನು ಬಿಟ್ಟು ಇಬ್ಬರಿಗೆ ಬಣ್ಣ ಹಚ್ಚುತ್ತದೆ, ಸೂತ್ರ ಮೂವರಿಗೆ.

ಹಾಗಿದ್ದ ಮೇಲೆ ಸೂತ್ರದ ಗೋಜೇಕೆ? ಒಂದು ಕಾರಣ, ಅಂಕಿಗಷ್ಟೇ ಅಲ್ಲದೆ ಹೆಸರಿಗೂ ಬಣ್ಣ ಬರಬೇಕೆಂದರೆ ಸಿದ್ಧ ನಿಯಮದಿಂದ ಆಗುವುದಿಲ್ಲ. ಸೂತ್ರದಲ್ಲಾದರೆ A2ರಿಂದ B21ರವರೆಗೆ ಆಯ್ಕೆ ಮಾಡಿ, ಆರಂಭದ `B2` ಅನ್ನು `$B2` ಎಂದು ಬದಲಿಸಿದರೆ ಸಾಕು, ಇಡೀ ಸಾಲು ಹಳದಿಯಾಗುತ್ತದೆ.

ಈ ಡಾಲರ್ ಚಿಹ್ನೆಗೂ ದುಡ್ಡಿಗೂ ಸಂಬಂಧವಿಲ್ಲ. ಅದು ಗೂಟ. ಗೂಟಕ್ಕೆ ಕಟ್ಟದ ವಿಳಾಸ ಸಾಲಿನಿಂದ ಸಾಲಿಗೆ ಕೆಳಗಿಳಿಯುತ್ತ ಹೋಗುತ್ತದೆ. ಆರಂಭದ `B2` ಹಾಗೆ ಇಳಿಯಲೇಬೇಕು, ಪ್ರತಿ ಸದಸ್ಯರನ್ನೂ ನೋಡಬೇಕಲ್ಲ. ಆದರೆ ಹೋಲಿಕೆಯ ಪಟ್ಟಿ ಇಳಿಯಬಾರದು. ಅವಸರದಲ್ಲಿ `B2:B21` ಎಂದಷ್ಟೇ ಬರೆದರೆ, ಹತ್ತನೇ ಸಾಲಿನವರನ್ನು B10ರಿಂದ B29ರವರೆಗಿನ ಪಟ್ಟಿಯ ಜೊತೆ ಹೋಲಿಸಲಾಗುತ್ತದೆ, ಮೇಲಿನ ಎಂಟು ಜನ ಲೆಕ್ಕದಿಂದಲೇ ಮಾಯ. ಕೊನೆಯ ಸಾಲಿಗೆ ಬಂದಾಗ ಪಟ್ಟಿಯಲ್ಲಿ ಉಳಿದಿರುವುದು ಆ ಒಬ್ಬರೇ. ಕೆಳಗೆಲ್ಲ ಖಾಲಿ ಇದ್ದರೆ, ಅವರು ಹಾಕಿದ್ದು 40 ಲೀಟರ್ ಆದರೂ ತಮ್ಮ ಪಟ್ಟಿಗೆ ತಾವೇ ಮೊದಲಿಗರು. ಹಾಗಾಗಿ ಕೊನೆಯ ಸಾಲು ಕಾರಣವಿಲ್ಲದೆ ಹಳದಿಯಾಗಿ ಕಂಡರೆ ಡಾಲರ್ ಬಿಟ್ಟುಹೋಗಿದೆ ಎಂದು ತಿಳಿಯಬಹುದು. ಬಣ್ಣ ಒಂದು ಸಾಲು ಮೇಲಕ್ಕೆ ಸರಿದು ಕೂತಿದ್ದರೆ ತಪ್ಪು ಬೇರೆ: B ಎಂಬ ಅಕ್ಷರವನ್ನೇ ಒತ್ತಿ ಇಡೀ ಕಾಲಂ ಆಯ್ದುಕೊಂಡು, ಸೂತ್ರವನ್ನು ಮಾತ್ರ B2ರಿಂದ ಬರೆದಿರುತ್ತಾರೆ.

ಇನ್ನೊಂದು ಎಡವಟ್ಟು ನೋಡುವುದಕ್ಕೆ ತಮಾಷೆಯಾಗಿರುತ್ತದೆ. ಆ ತಿಂಗಳು ಒಬ್ಬರ ಹಸು ಗಬ್ಬವಾಗಿ ಹಾಲು ಬತ್ತಿತ್ತು. ಕಾರ್ಯದರ್ಶಿ ಲೀಟರಿನ ಜಾಗದಲ್ಲಿ ‘ಇಲ್ಲ’ ಎಂದು ಬರೆದರು. ಒಂದು ತೊಟ್ಟೂ ಹಾಕದವರ ಸಾಲು ಹಳದಿಯಾಯಿತು! ಎಕ್ಸೆಲ್‌ನ ಹೋಲಿಕೆಯಲ್ಲಿ ಯಾವ ಅಕ್ಷರವಾದರೂ ಎಂಥ ಸಂಖ್ಯೆಗಿಂತಲೂ ದೊಡ್ಡದು. ‘ಇಲ್ಲ’ ಎನ್ನುವುದು 348.2ಕ್ಕಿಂತ ದೊಡ್ಡದೇ. ‘210 ಲೀ.’ ಎಂದು ಅಂಕಿಯ ಪಕ್ಕ ಅಕ್ಷರ ಸೇರಿಸಿದರೂ ಇದೇ ಗತಿ. ಜೊತೆಗೆ, ಗೆರೆ ಎಳೆಯುವಾಗ ಇಂಥ ಸೆಲ್ ಲೆಕ್ಕಕ್ಕೇ ಬರುವುದಿಲ್ಲ. ಮೊದಲು ಅದು ಸಂಖ್ಯೆಯೇ ಎಂದು ವಿಚಾರಿಸಿಕೊಳ್ಳುವ ಸೂತ್ರ ಹೀಗಿರುತ್ತದೆ:

```
=AND(ISNUMBER($B2),$B2>=PERCENTILE.INC($B$2:$B$21,0.9))
```

ಖಾಲಿ ಸೆಲ್‌ಗಳನ್ನೂ ಗೆರೆಯ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಹೊಸ ಸದಸ್ಯರಿಗೆಂದು ಪಟ್ಟಿಯನ್ನು `$B$200`ರವರೆಗೆ ಮೊದಲೇ ಚಾಚಿ, ನಿಯಮವನ್ನೂ ಅಲ್ಲಿಯವರೆಗೆ ಅನ್ವಯಿಸಿ ಇಡಬಹುದು. ಆದರೆ ಕೆಳಗೆ ಒಟ್ಟು ಮೊತ್ತದ ಸಾಲು ಇರಬಾರದು. ಇದ್ದರೆ ಅದೂ ಒಬ್ಬ ಸದಸ್ಯನಂತೆ ಪಟ್ಟಿಗೆ ಸೇರಿ, ಮೊದಲ ಸ್ಥಾನವನ್ನೂ ಹೊಡೆದುಕೊಳ್ಳುತ್ತದೆ.

ಮುಂದಿನ ತಿಂಗಳು ಹೀಗಾಯಿತು ಎನ್ನೋಣ. ಹದಿನೆಂಟನೆಯವರದ್ದೂ ಹತ್ತೊಂಬತ್ತನೆಯವರದ್ದೂ ಸರಿಯಾಗಿ 372 ಲೀಟರ್, ಮೊದಲಿಗರದ್ದು 405. ನಡುವೆ ಅಂತರವೇ ಇಲ್ಲದ್ದರಿಂದ ಗೆರೆ 372ರ ಮೇಲೆಯೇ ಬೀಳುತ್ತದೆ. `>=` ಎಂದಿದ್ದರೆ ಮೂವರೂ ಹಳದಿ. ಸಮ ಎಂಬ ಚಿಹ್ನೆ ತೆಗೆದು ಬರೀ `>` ಉಳಿಸಿದರೆ ಮೊದಲಿಗರೊಬ್ಬರೇ. ಇಬ್ಬರು ಮಾತ್ರ ಬರುವಂತೆ ಈ ಸೂತ್ರದಲ್ಲಿ ಮಾಡಲಾಗದು, ಏಕೆಂದರೆ ಸಮನಾದ ಇಬ್ಬರಲ್ಲಿ ಯಾರನ್ನು ಬಿಡಬೇಕೆಂದು ಲೀಟರ್ ಹೇಳುವುದಿಲ್ಲ. ಹಾಲಿನ ಫ್ಯಾಟ್ ನೋಡಿ ತೀರ್ಮಾನಿಸುವುದಾದರೆ ಅದಕ್ಕೊಂದು C ಕಾಲಂ ಬೇಕು, ಇಲ್ಲವಾದರೆ ಸಂಘ ಇನ್ನೊಂದು ಕ್ಯಾನ್ ತರಿಸಬೇಕು.