ಕ್ರಿಕೆಟ್ ಕ್ಲಬ್ಬಿನ ಪ್ರಾಯೋಜಕತ್ವ ಪತ್ರ

ಊರಿನ ಕ್ರಿಕೆಟ್ ಕ್ಲಬ್ ಅಂಗಡಿಯವರಿಗೆ ಬರೆಯುವ ಪ್ರಾಯೋಜಕತ್ವದ ಪತ್ರ ವಂತಿಗೆಯ ಚೀಟಿಯಲ್ಲ. ವಂತಿಗೆ ಕೊಟ್ಟವರು ಪ್ರತಿಫಲ ಕೇಳುವುದಿಲ್ಲ. ಪ್ರಾಯೋಜಕರು ದುಡ್ಡು ಕೊಟ್ಟು ಪ್ರಚಾರ ಕೊಳ್ಳುತ್ತಾರೆ. ಹಾಗಾಗಿ ಪತ್ರದಲ್ಲಿ ಎಷ್ಟು ಬೇಕು, ಬದಲಿಗೆ ಏನು ಸಿಗುತ್ತದೆ ಎಂಬೆರಡೂ ಸ್ಪಷ್ಟವಾಗಿರಬೇಕು.

ತಾಲ್ಲೂಕು ಕೇಂದ್ರದ ಟೆನಿಸ್ ಬಾಲ್ ತಂಡವೊಂದು ಟೈಲ್ಸ್ ಅಂಗಡಿಗೆ ಬರೆಯುತ್ತಿದೆ ಎಂದಿಟ್ಟುಕೊಳ್ಳಬಹುದು. 600 ರೂಪಾಯಿಯ 15 ಜೆರ್ಸಿಗೆ 9,000, ಮೂರು ಟೂರ್ನಿಗಳ ಪ್ರವೇಶ ಶುಲ್ಕಕ್ಕೆ 9,000, ಚೆಂಡು ಮತ್ತು ಓಡಾಟಕ್ಕೆ 7,000. ಒಟ್ಟು 25,000 ರೂಪಾಯಿ. ಹೀಗೆ ಬಿಡಿಸಿ ಬರೆದ ಮೊತ್ತ, ‘ಕೈಲಾದಷ್ಟು ಸಹಾಯ ಮಾಡಿ’ ಎಂಬ ಮಾತಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಬಹಳಷ್ಟು ಪತ್ರಗಳು ಎಡವುವುದು ಪ್ರಚಾರದ ಲೆಕ್ಕದಲ್ಲಿ. ‘ಇನ್‌ಸ್ಟಾಗ್ರಾಮಿನಲ್ಲಿ ನಮಗೆ 4,200 ಫಾಲೋವರ್ಸ್’ ಎಂಬ ಸಾಲಿನಿಂದ ಅಂಗಡಿಗೆ ಗೊತ್ತಾಗುವುದು ಅಲ್ಪ. ಅವರಲ್ಲಿ ಅರ್ಧ ಜನ ಬೆಂಗಳೂರಿಗೋ ಮುಂಬೈಗೋ ಹೋದ ಹಳೇ ಆಟಗಾರರ ಗೆಳೆಯರಾಗಿರಬಹುದು. (ಊರಲ್ಲಿ ಮನೆ ಕಟ್ಟಿಸುವವರು ಅವರೇ ಆದರೆ ಟೈಲ್ಸ್ ಅಂಗಡಿಗೆ ಅದೂ ಲಾಭವೇ.) ಪ್ರೊಫೆಷನಲ್ ಖಾತೆಯ ಇನ್‌ಸೈಟ್ಸ್‌ನಲ್ಲಿ ಕಳೆದ 30 ದಿನಗಳಲ್ಲಿ ಎಷ್ಟು ಖಾತೆಗಳಿಗೆ ಪೋಸ್ಟುಗಳು ತಲುಪಿವೆ, ಫಾಲೋವರ್ಸ್ ಯಾವ ಊರಿನವರು ಎಂಬುದು ಸಿಗುತ್ತದೆ. ಶೇಕಡಾ 40ರಷ್ಟು ಫಾಲೋವರ್ಸ್ ಅದೇ ಊರಿನವರಾದರೆ ಸುಮಾರು 1,700 ಮಂದಿ ಸ್ಥಳೀಯರು ಎಂದಾಯಿತು. ಚಿಕ್ಕ ಸಂಖ್ಯೆಯಾದರೂ ಅಂಗಡಿಗೆ ಬೇಕಾದದ್ದು ಇದೇ. ಆ ಪುಟದ ಸ್ಕ್ರೀನ್‌ಶಾಟನ್ನು ಪತ್ರದ ಜೊತೆಗಿಡಬೇಕು.

ಲೈಕು, ವ್ಯೂಗಳ ಭರವಸೆ ಕೊಡಬಾರದು. ಅವು ಕ್ಲಬ್ಬಿನ ಕೈಯಲ್ಲಿಲ್ಲ. ಕೈಯಲ್ಲಿರುವುದು ಕೆಲಸ: ಎರಡು ತಿಂಗಳಲ್ಲಿ 8 ರೀಲ್ಸ್, ಪ್ರತಿ ಪಂದ್ಯದ ಪೋಸ್ಟರಿನಲ್ಲಿ ಅಂಗಡಿಯ ಲೋಗೋ, ಜೆರ್ಸಿಯ ಎದೆಯ ಮೇಲೆ ಹೆಸರು. ಅಂಗಡಿಯ ಖಾತೆಯನ್ನು ಕೊಲಾಬರೇಟರ್ ಮಾಡಿಕೊಂಡರೆ ಒಂದೇ ರೀಲ್ ಎರಡೂ ಖಾತೆಗಳಲ್ಲಿ ಕಾಣುತ್ತದೆ. ಹಣ ಪಡೆದ ಪೋಸ್ಟು ಜಾಹೀರಾತೇ ಆದ್ದರಿಂದ ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಗುರುತು ಹಾಕಬೇಕು. ಸಿನಿಮಾ ಹಾಡಿನ ಆಸೆಯನ್ನೂ ಬಿಡಬೇಕು. ವ್ಯಾಪಾರದ ಪೋಸ್ಟಿಗೆ ಅಂಥ ಹಾಡು ಬಳಸಲು ಬೇರೆ ಹಕ್ಕು ಬೇಕಾಗುತ್ತದೆ. ಇಲ್ಲದಿದ್ದರೆ ಸಿಕ್ಸರಿನ ರೀಲ್ ಮೂಕವಾಗಿ ಉಳಿಯಬಹುದು.

ಕಳಿಸುವ ಮೊದಲು ಟೂರ್ನಿಯ ನಿಯಮ ನೋಡಬೇಕು. ಟೂರ್ನಿಯ ಮುಖ್ಯ ಪ್ರಾಯೋಜಕರೂ ಟೈಲ್ಸ್ ವ್ಯಾಪಾರಿಯೇ ಆಗಿದ್ದರೆ ಜೆರ್ಸಿಯ ಲೋಗೋಗೆ ಸಂಘಟಕರು ತಡೆ ಹಾಕಬಹುದು. ಮಳೆಗೆ ಪಂದ್ಯ ನಿಂತರೆ ಬದಲಿಗೆ ಅಭ್ಯಾಸದ ರೀಲ್ ಹಾಕುವುದಾಗಿ ಪತ್ರದಲ್ಲೇ ಬರೆದಿಡುವುದು ಒಳಿತು. ಹಣ ಯಾರದೋ ಫೋನ್ ಪೇ ನಂಬರಿಗಲ್ಲ, ಕ್ಲಬ್ಬಿನ ಬ್ಯಾಂಕ್ ಖಾತೆಗೆ ಬರಬೇಕು. ಅರ್ಧ ಮುಂಗಡ, ಉಳಿದದ್ದು ವರದಿ ಕೊಟ್ಟ ಮೇಲೆ. ಸ್ಟೋರಿಗಳು 24 ಗಂಟೆಯಲ್ಲಿ ಮರೆಯಾಗುವುದರಿಂದ, ವರದಿಗಾಗಿ ಅವುಗಳ ಅಂಕಿಗಳನ್ನು ಆಯಾ ದಿನವೇ ತೆಗೆದಿಡಬೇಕು.