ಮೋಟರ್ ಪ್ಯಾನಲ್, ಪಿಎಲ್‌ಸಿ ಮತ್ತು ಸ್ಟಾಪ್ ಬಟನ್

ಹಲಗೇರಿ, ರಾಣೆಬೆನ್ನೂರು ಕಡೆ ಮನೆ ಬೋರ್‌ವೆಲ್ ಮೋಟರಿಗೆ ಪ್ಯಾನಲ್ ಕಟ್ಟುವ ಎಲೆಕ್ಟ್ರಿಷಿಯನ್‌ಗೆ ಲ್ಯಾಡರ್ ಲಾಜಿಕ್ ಅರ್ಧ ಗೊತ್ತೇ ಇರುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಾರ್ಖಾನೆಗಳಿಗಾಗಿ ಪಿಎಲ್‌ಸಿ ರೂಪಿಸಿದವರು, ರಿಲೇ ನಕ್ಷೆ ಓದಬಲ್ಲವರೇ ಅದನ್ನು ನೋಡಿಕೊಳ್ಳಲೆಂದು ಈ ಏಣಿಯ ಚಿತ್ರವನ್ನೇ ಉಳಿಸಿಕೊಂಡರು. ಆದರೆ ಸ್ಟಾಪ್ ಬಟನ್ ಬಂದಲ್ಲಿ ಹಳೆಯ ಓದು ಕೈಕೊಡುತ್ತದೆ.

ಸಾದಾ ಪ್ಯಾನಲ್‌ನಲ್ಲಿ ಕರೆಂಟು ಎನ್‌ಸಿ ಸ್ಟಾಪ್, ಸ್ಟಾರ್ಟ್, ಓವರ್‌ಲೋಡ್ ರಿಲೇಯ 95-96 ದಾಟಿ ಕಾಂಟ್ಯಾಕ್ಟರ್ ಕಾಯಿಲ್ ಸೇರುತ್ತದೆ. ಸ್ಟಾರ್ಟ್‌ನಿಂದ ಕೈ ತೆಗೆದ ಮೇಲೆ ಕಾಂಟ್ಯಾಕ್ಟರಿನ 13-14 ಅದನ್ನು ಹಿಡಿದಿಡುತ್ತದೆ. ಪಿಎಲ್‌ಸಿಯಲ್ಲಿ ಸ್ಟಾರ್ಟ್ `I1`ಗೆ, ಸ್ಟಾಪ್ `I2`ಗೆ, ಟ್ಯಾಂಕ್ ತುಂಬುವವರೆಗೆ ಮುಚ್ಚಿರುವ ಫ್ಲೋಟ್ ಸ್ವಿಚ್ `I3`ಗೆ ಬರಲಿ. ಕಾಯಿಲ್‌ಗೆ ಹೋಗುವ ಔಟ್‌ಪುಟ್ `Q1`.

```
|   I1       I2    I3       Q1  |
|--] [--+--] [---] [-------( )--|
|   Q1  |
|--] [--+
```

ಬಟನ್ ಎನ್‌ಸಿ ಆಗಿದ್ದರೂ `I2` ಇಲ್ಲಿ ಎನ್‌ಒ ಗುರುತಿನಲ್ಲಿದೆ. ಈ ಗುರುತು ಬಟನ್ನಿನ ಚಿತ್ರವಲ್ಲ. ‘ಇನ್‌ಪುಟ್‌ಗೆ ಸಪ್ಲೈ ಬರುತ್ತಿದೆಯೇ?’ ಎಂಬ ಪ್ರಶ್ನೆ. ಸ್ಟಾಪ್ ಒತ್ತದಿದ್ದಾಗ ಸಪ್ಲೈ ಬರುತ್ತಲೇ ಇರುತ್ತದೆ, ಹಾಗಾಗಿ ಉತ್ತರ ‘ಹೌದು’. ಹಳೆಯ ನಕ್ಷೆ ನೋಡಿ `]/[` ಹಾಕಿದರೆ ಸ್ಟಾರ್ಟ್ ಒತ್ತಿದರೂ ಮೋಟರ್ ಏಳುವುದಿಲ್ಲ. ಎರಡೂ ಬಟನ್ ಒಟ್ಟಿಗೆ ಒತ್ತಿದಾಗ ಮಾತ್ರ ಎದ್ದು, ಸ್ಟಾಪ್ ಬಿಟ್ಟೊಡನೆ ನಿಂತರೆ ತಪ್ಪು ಇದೇ ಎಂದು ತಿಳಿಯಬೇಕು.

ಆಗ ಕೆಲವರು ಬಟನ್ನನ್ನೇ ಎನ್‌ಒಗೆ ಬದಲಿಸುತ್ತಾರೆ. ಮೋಟರ್ ಸರಿಯಾಗಿಯೇ ನಡೆಯುತ್ತದೆ, ಅಪಾಯ ಇರುವುದೂ ಅಲ್ಲೇ. ಇಲಿ ಕಡಿದು ಸ್ಟಾಪ್‌ನ ವೈರ್ ತುಂಡಾದರೆ ಎಷ್ಟು ಒತ್ತಿದರೂ ಮೋಟರ್ ನಿಲ್ಲದು. ಎನ್‌ಸಿ ಇದ್ದರೆ ವೈರ್ ತುಂಡಾದ ಕ್ಷಣವೇ ನಿಲ್ಲುತ್ತದೆ. ಫ್ಲೋಟ್‌ಗೂ ಇದೇ ಮಾತು.

ಇನ್ನೊಂದು ತೊಡಕು ಹಿಡಿದಿಡುವ ಗೆರೆಯಲ್ಲಿದೆ. ಓವರ್‌ಲೋಡ್‌ನ 95-96 ಅನ್ನು ಪ್ರೋಗ್ರಾಂಗೆ ಒಪ್ಪಿಸದೆ ಕಾಯಿಲ್ ವೈರಿನಲ್ಲೇ ಉಳಿಸಬೇಕು. ಪಿಎಲ್‌ಸಿ ಕೆಟ್ಟರೂ ಮೋಟರ್ ಉಳಿಯುತ್ತದೆ. ಆದರೆ ಓವರ್‌ಲೋಡ್ ಟ್ರಿಪ್ ಆಗಿ ಕಾಂಟ್ಯಾಕ್ಟರ್ ಬಿದ್ದದ್ದು ಪಿಎಲ್‌ಸಿಗೆ ತಿಳಿಯದು. ತಾನು ಹಿಡಿದ `Q1` ಅನ್ನು ಅದು ಆನ್ ಆಗಿಯೇ ಇಟ್ಟಿರುತ್ತದೆ. ರಿಲೇ ಆಟೋ ರಿಸೆಟ್‌ನಲ್ಲಿದ್ದರೆ, ತಣ್ಣಗಾದೊಡನೆ ಮೋಟರ್ ತಾನಾಗಿ ಏಳುತ್ತದೆ. ರಿಪೇರಿಗೆ ಕೈ ಹಾಕಿದವನ ಗತಿ ಏನು? ಸಾದಾ ಪ್ಯಾನಲ್‌ನಲ್ಲಿ ಹೀಗಾಗುತ್ತಿರಲಿಲ್ಲ, ಏಕೆಂದರೆ ಕಾಂಟ್ಯಾಕ್ಟರ್ ಬಿದ್ದಾಗ 13-14 ಕೂಡ ತೆರೆದುಕೊಳ್ಳುತ್ತಿತ್ತು.

ಆ 13-14 ಅನ್ನೇ `I4` ಇನ್‌ಪುಟ್‌ಗೆ ತಂದು, ಕೆಳಗಿನ ಗೆರೆಯಲ್ಲಿ `Q1` ಗುರುತಿನ ಬದಲು `I4` ಬರೆದರೆ ಸಾಕು. ಕಾಂಟ್ಯಾಕ್ಟರ್ ಬಿದ್ದರೆ `I4` ಹೋಗುತ್ತದೆ, ಅದರ ಹಿಂದೆಯೇ `Q1` ಕೂಡ. ಮತ್ತೆ ಯಾರಾದರೂ ಬಂದು ಸ್ಟಾರ್ಟ್ ಒತ್ತುವವರೆಗೆ ಮೋಟರ್ ಏಳುವುದಿಲ್ಲ.